ಸಂಜೆ ಏಳೂವರೆಗೆ 176 ವೋಲ್ಟ್: ದೂರು ಬರೆಯುವುದು ಹೇಗೆ?

ವೋಲ್ಟೇಜ್ ಇಳಿದಿದೆ ಎಂದು ಈಗ ಬಲ್ಬು ಹೇಳುವುದಿಲ್ಲ. ಹಳೆಯ ತಂತಿ ಬಲ್ಬಾದರೆ ಸಂಜೆಯಾಗುತ್ತಲೇ ಹಳದಿಗೆ ತಿರುಗಿ ಇಡೀ ಬೀದಿಗೆ ಸುದ್ದಿ ಮುಟ್ಟಿಸುತ್ತಿತ್ತು. ಎಲ್‌ಇಡಿ ಬಲ್ಬು 170 ವೋಲ್ಟಿನಲ್ಲೂ ಬೆಳ್ಳಗೇ ಉರಿಯುತ್ತದೆ. ಮನೆಯವರಿಗೆ ಗೊತ್ತಾಗುವುದು ಫ್ರಿಜ್ ಗುಂಯ್‌ಗುಟ್ಟಿ ಕಂಪ್ರೆಸರ್ ಹಿಡಿಯದೆ ಕಟ್ ಆದಾಗ, ಇಲ್ಲವೇ ಬೋರ್ ಮೋಟಾರ್ ಸುಟ್ಟು ರಿವೈಂಡಿಂಗ್ ಅಂಗಡಿ ಸೇರಿದಾಗ. ಆಮೇಲೆ ಸಿಟ್ಟಿನಲ್ಲಿ ಒಂದು ಪತ್ರ ಹೊರಡುತ್ತದೆ: ‘ನಮ್ಮ ಬೀದಿಯಲ್ಲಿ ಸದಾ ಲೋ ವೋಲ್ಟೇಜ್, ಕೂಡಲೇ ದೊಡ್ಡ ಟಿಸಿ ಹಾಕಿಕೊಡಿ.’ ಅದಕ್ಕೆ ಬರುವ ಉತ್ತರವೂ ಗೊತ್ತಿರುವಂಥದ್ದೇ: ‘ಪರಿಶೀಲಿಸಲಾಗಿದೆ, ವೋಲ್ಟೇಜ್ ಸರಿಯಾಗಿದೆ.’ ಈ ಉತ್ತರ ಸುಳ್ಳಲ್ಲದಿರಬಹುದು. ಲೈನ್‌ಮ್ಯಾನ್ ಬಂದು ನೋಡಿದ್ದು ಬೆಳಗ್ಗೆ ಹನ್ನೊಂದಕ್ಕೆ, ಅರ್ಧ ಬೀದಿ ಕೆಲಸಕ್ಕೆ ಹೋಗಿದ್ದಾಗ.

ಆದ್ದರಿಂದ ಪತ್ರಕ್ಕಿಂತ ಮೊದಲು ಅಳತೆ ಬೇಕು. ಮನೆಗೆ ಬರಬೇಕಾದದ್ದು 230 ವೋಲ್ಟ್. ಶೇ 6ರಷ್ಟು ಆಚೀಚೆ ಆಗಬಹುದು ಅಂದರೆ ಸುಮಾರು 216ರಿಂದ 244ರವರೆಗೆ. ಪ್ಲಗ್ಗಿಗೆ ಚುಚ್ಚುವ ಸಣ್ಣ ಡಿಜಿಟಲ್ ವೋಲ್ಟ್‌ಮೀಟರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಮೀಟರ್ ಬೋರ್ಡಿಗೆ ಹತ್ತಿರದ ಪ್ಲಗ್ಗಿನಲ್ಲೇ ಓದಿ. ಹಿಂದಿನ ಕೋಣೆಯಲ್ಲಿ ಮಾತ್ರ ಕಡಿಮೆ ತೋರಿದರೆ ತಪ್ಪು ನಿಮ್ಮ ವೈರಿಂಗಿನದು. ಬೀದಿಯಲ್ಲಿ ನಿಮ್ಮೊಂದು ಮನೆಯಲ್ಲಷ್ಟೇ ಕಡಿಮೆ ಇದ್ದರೆ ಕಂಬದಿಂದ ಬರುವ ಸರ್ವಿಸ್ ವೈರಿನ ಜೋಡಣೆ ಸಡಿಲವಾಗಿರುವ ಸಂಭವ ಹೆಚ್ಚು. ಒಂದು ಮನೆಯಲ್ಲಿ 150, ಪಕ್ಕದ ಮನೆಯಲ್ಲಿ 280 ಎಂದಾದರೆ ಪತ್ರ ಬರೆಯುತ್ತ ಕೂರಬೇಡಿ. ಅದು ನ್ಯೂಟ್ರಲ್ ತಪ್ಪಿದ ಲಕ್ಷಣ. ಮೇನ್ ಸ್ವಿಚ್ ಆರಿಸಿ 1912ಕ್ಕೆ ಫೋನ್ ಮಾಡಿ.

ಟಿಸಿ ಮೇಲಿನ ಹೊರೆಯ ಗುರುತು ಬೇರೆ. ರಾತ್ರಿ ಎರಡಕ್ಕೆ ವೋಲ್ಟೇಜ್ ಸರಿಯಾಗಿರುತ್ತದೆ, ಸಂಜೆ ಆರರಿಂದ ಹತ್ತರವರೆಗೆ ಕುಸಿಯುತ್ತದೆ. ಟಿಸಿಯಿಂದ ದೂರ ಹೋದಷ್ಟೂ ಕುಸಿತ ಹೆಚ್ಚುತ್ತದೆ.

ಊರಂಚಿನ ಒಂದು ಬಡಾವಣೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಲ್ಲಿರುವುದು 100 ಕೆವಿಎ ಟಿಸಿ. ಅದರ ಪೂರ್ಣ ಸಾಮರ್ಥ್ಯ ಪ್ರತಿ ಫೇಸಿಗೆ ಸುಮಾರು 133 ಆಂಪಿಯರ್. ಸಂಜೆ ಟಾಂಗ್ ಟೆಸ್ಟರ್ ಹಿಡಿದು ನೋಡಿದರೆ ಒಂದು ಫೇಸಿನಲ್ಲಿ 190, ಇನ್ನೊಂದರಲ್ಲಿ 120, ಮೂರನೆಯದರಲ್ಲಿ 95. ಮೂರನ್ನೂ ಕೂಡಿಸಿ ಸರಾಸರಿ ತೆಗೆದರೆ 135. ಕಾಗದದ ಮೇಲೆ ಟಿಸಿ ಹೆಚ್ಚುಕಡಿಮೆ ಮಿತಿಯಲ್ಲೇ ಇದೆ, ಆದರೆ ಒಂದು ಫೇಸು ಮಾತ್ರ ಒಂದೂವರೆ ಪಟ್ಟಿನ ಹತ್ತಿರ ಹೊರುತ್ತಿದೆ. ಆ ಫೇಸಿನಲ್ಲಿ ಟಿಸಿ ಪಕ್ಕದ ಮನೆಗೆ 212 ವೋಲ್ಟ್ ಸಿಕ್ಕರೆ ಬೀದಿಯ ಕೊನೆಯ ಮನೆಗೆ 176. ಅಂದರೆ 36 ವೋಲ್ಟ್ ದಾರಿಯ ತಂತಿಯಲ್ಲೇ ಸೋರಿಹೋಯಿತು.

ಬಹಳ ಜನ ಎಡವುವುದು ಇಲ್ಲೇ. ಮಿತಿಮೀರಿದ ಹೊರೆಯಿಂದ ಟಿಸಿ ಬಿಸಿಯಾಗುತ್ತದೆ, ಫ್ಯೂಸ್ ಹಾರುತ್ತದೆ, ಕೊನೆಗೆ ಸುಟ್ಟೂ ಹೋಗುತ್ತದೆ. ಆದರೆ ಟಿಸಿಯ ಒಳಗೆ ಕಳೆದುಹೋಗುವ ವೋಲ್ಟ್ ಅಷ್ಟೇನಿಲ್ಲ. ದೊಡ್ಡ ನಷ್ಟ ಉದ್ದನೆಯ ತೆಳು ತಂತಿಯಲ್ಲಿ. ಅದೇ ಜಾಗದಲ್ಲಿ 250 ಕೆವಿಎ ಟಿಸಿ ತಂದು ಕೂರಿಸಿದರೂ ಕೊನೆಯ ಮನೆಯವರ ಫ್ರಿಜ್ ಗುಂಯ್‌ಗುಡುವುದು ಪೂರ್ತಿ ನಿಲ್ಲದು. ಕೆಲವು ಮನೆಗಳ ಸರ್ವಿಸ್ ವೈರನ್ನು ಹಗುರವಾದ ಫೇಸಿಗೆ ಬದಲಿಸಿ ಮೂರನ್ನೂ ಸಮ ಮಾಡಿದರೆ ತಂತಿಯ ನಷ್ಟ 36ರಿಂದ 26ರ ಆಸುಪಾಸಿಗೆ ಇಳಿದೀತು. ಇದಕ್ಕೆ ಹೊಸ ಸಾಮಾನು ಹೆಚ್ಚೇನೂ ಬೇಡ. ಆದರೂ ಕೊನೆಯ ಮನೆಯಲ್ಲಿ 216 ಮುಟ್ಟುವುದಿಲ್ಲ. ಬೀದಿಯ ಆ ಭಾಗಕ್ಕೆ ಇನ್ನೊಂದು ಟಿಸಿ ಹಾಕಿದರೆ ಹೊರೆಯೂ ಅರ್ಧ, ತಂತಿಯ ದೂರವೂ ಅರ್ಧ. ನಷ್ಟ ಸುಮಾರು ಕಾಲು ಭಾಗಕ್ಕೆ ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದರೂ ಪರಿಹಾರ ಇಂಥದ್ದೇ ಆಗಬೇಕೆಂದು ಪತ್ರದಲ್ಲಿ ಹಟ ಹಿಡಿಯಬಾರದು ಎಂಬುದು ನನ್ನ ಅಭಿಪ್ರಾಯ. ‘ದೊಡ್ಡ ಟಿಸಿ ಕೊಡಿ’ ಎಂದರೆ ‘ಎಸ್ಟಿಮೇಟ್ ಮೇಲಧಿಕಾರಿಗಳ ಮಂಜೂರಾತಿಗೆ ಹೋಗಿದೆ’ ಎಂದು ಕಡತ ಮುಚ್ಚಬಹುದು. ಅಳತೆ ಕೇಳಿದರೆ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ. ಪತ್ರ ಹೋಗಬೇಕಾದದ್ದು ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ, ಪ್ರತಿ ಶಾಖಾಧಿಕಾರಿಗೆ. ಒಕ್ಕಣೆ ಹೀಗಿರಬಹುದು:

‘ಮಾನ್ಯರೇ,

ವಿಷಯ: ಸಂಜೆ ವೇಳೆ ಸತತ ಕಡಿಮೆ ವೋಲ್ಟೇಜ್ ಬಗ್ಗೆ.

ನನ್ನ ಸ್ಥಾವರದ ಆರ್.ಆರ್. ಸಂಖ್ಯೆ, ಕಂಬದ ಮೇಲೆ ಬರೆದಿರುವ ಟಿಸಿ ಸಂಖ್ಯೆ ಹಾಗೂ 1912ರಲ್ಲಿ ಈವರೆಗೆ ದಾಖಲಾದ ದೂರುಗಳ ಸಂಖ್ಯೆಗಳನ್ನು ಮೇಲೆ ನಮೂದಿಸಿದ್ದೇನೆ. ಕಳೆದ ಎರಡು ವಾರ ಮೀಟರ್ ಬೋರ್ಡಿನ ಬಳಿ ಓದಿದ ವೋಲ್ಟೇಜ್ ವಿವರ ಲಗತ್ತಿಸಿದೆ. ರಾತ್ರಿ 2ಕ್ಕೆ 228ರಿಂದ 231, ಸಂಜೆ 7.30ಕ್ಕೆ 174ರಿಂದ 180 ಇದೆ. ಇದೇ ಬೀದಿಯ ಇತರ ಗ್ರಾಹಕರ ಓದುಗಳೂ ಅವರ ಸಹಿಯೊಂದಿಗೆ ಇವೆ. ಇದು ಒಬ್ಬರ ಮನೆಯ ದೋಷವಲ್ಲ ಎಂದು ಇದರಿಂದ ತಿಳಿಯುತ್ತದೆ.

ಸಂಜೆ 7ರಿಂದ 9ರ ನಡುವೆ ಟಿಸಿಯ ಮೂರೂ ಫೇಸುಗಳ ಕರೆಂಟನ್ನೂ, ಟಿಸಿ ಬಳಿ ಹಾಗೂ ಬೀದಿಯ ಕೊನೆಯಲ್ಲಿ ವೋಲ್ಟೇಜನ್ನೂ ಅಳೆಸಿ ಫಲಿತಾಂಶವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಫೇಸುಗಳ ಸಮತೋಲನವನ್ನು ತಕ್ಷಣ ಮಾಡಿಸಿ, ಹೆಚ್ಚಿನ ಕಾಮಗಾರಿ ಬೇಕಿದ್ದರೆ ಅದರ ಕಾಲಮಿತಿ ತಿಳಿಸಿ.’

ಸುಟ್ಟ ಮೋಟಾರಿನ ಕಥೆಯನ್ನು ಇದರಲ್ಲಿ ಉದ್ದಕ್ಕೆ ಬರೆಯುವ ಅಗತ್ಯವಿಲ್ಲ. ರಿವೈಂಡಿಂಗ್ ರಸೀದಿಯ ಪ್ರತಿ ಇಟ್ಟರೆ ಸಾಕು. ಪತ್ರದ ಇನ್ನೊಂದು ಪ್ರತಿಗೆ ಕಚೇರಿಯ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬಾರದು. ಮುಂದಿನ ಹೆಜ್ಜೆಗೆಲ್ಲ ಅದೇ ಆಧಾರ.

ಸಹಿ ಹಾಕುವವರು ತಮ್ಮ ಬಿಲ್ಲನ್ನೂ ಒಮ್ಮೆ ನೋಡಿಕೊಳ್ಳಲಿ. ಮಂಜೂರಾದ ಹೊರೆ ಎರಡು ಕಿಲೋವಾಟ್ ಇದ್ದು, ಮನೆಯಲ್ಲಿ ಗೀಸರ್, ಇಂಡಕ್ಷನ್ ಒಲೆ, ಎ.ಸಿ. ಎಲ್ಲ ಇದ್ದರೆ ಕಚೇರಿಯ ಲೆಕ್ಕದಲ್ಲಿ ಬೀದಿಯ ಹೊರೆ ಕಡಿಮೆಯೆಂದೇ ಕಾಣುತ್ತದೆ. ಹೊಸ ಟಿಸಿಗೆ ಕಾರಣವೇ ಇಲ್ಲ ಎನ್ನಲು ಅದು ಒಳ್ಳೆಯ ನೆಪ. ಮಂಜೂರಾದ ಹೊರೆಯನ್ನು ಹೆಚ್ಚಿಸಿಕೊಂಡರೆ ತಿಂಗಳ ನಿಗದಿತ ಶುಲ್ಕ ಏರುತ್ತದೆ ನಿಜ, ಆದರೆ ದೂರಿಗೆ ಬಲ ಬರುತ್ತದೆ. ಇನ್ನು ಸ್ಟೆಬಿಲೈಸರ್: ಅದು 170 ವೋಲ್ಟನ್ನು 220ಕ್ಕೆ ಏರಿಸಲು ಲೈನಿನಿಂದ ಸುಮಾರು ಶೇ 30ರಷ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಬೀದಿಯವರೆಲ್ಲ ಒಂದೊಂದು ತಂದಿಟ್ಟರೆ ಕೊನೆಯ ಮನೆಗೆ ಇನ್ನಷ್ಟು ಇಳಿಯುತ್ತದೆ.

ಉತ್ತರ ಬರದಿದ್ದರೆ ವಿಭಾಗದ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ ಜ್ಞಾಪನ ಪತ್ರ ಬರೆಯಬಹುದು. ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಪ್ರತಿ ವಿತರಣಾ ಕಂಪನಿಯೂ ಇದನ್ನು ರಚಿಸಲೇಬೇಕು. ವೇದಿಕೆಯಲ್ಲಿ ನ್ಯಾಯ ಸಿಗಲಿಲ್ಲವೆನಿಸಿದರೆ ಅದೇ ಸೆಕ್ಷನ್ ಒಂಬುಡ್ಸ್‌ಮನ್ ಬಳಿಗೆ ದಾರಿ ಕೊಡುತ್ತದೆ. ಖಾಸಗಿ ಬಡಾವಣೆಯಾದರೆ ಇನ್ನೊಂದು ತೊಡಕು ಇರಬಹುದು: ಬಡಾವಣೆ ಮಾಡಿದವರು ಟಿಸಿ, ಕಂಬಗಳನ್ನು ಕಂಪನಿಗೆ ಹಸ್ತಾಂತರಿಸದೇ ಇದ್ದರೆ ‘ಅದು ನಮ್ಮದಲ್ಲ’ ಎನ್ನುತ್ತಾರೆ. ಹಸ್ತಾಂತರ ಆಗಿದೆಯೇ ಎಂದು ಪತ್ರ ಬರೆಯುವ ಮೊದಲೇ ಶಾಖಾ ಕಚೇರಿಯಲ್ಲಿ ಕೇಳಿ ತಿಳಿದುಕೊಂಡರೆ ಒಂದಷ್ಟು ತಿಂಗಳ ಓಡಾಟ ಉಳಿಯುತ್ತದೆ.