ಒಂದು ಚಿತ್ರಕ್ಕೆ 90 ಸೆಕೆಂಡು

ದಾವಣಗೆರೆಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ತನ್ನ ಉತ್ತರವನ್ನು ನನಗೆ ಕೇಳಿಸಿದಳು. ಹೊರದೇಶದಲ್ಲಿ ಎಂ.ಎಸ್. ಓದಬೇಕೆಂದು ಡುಯೊಲಿಂಗೊ ಇಂಗ್ಲಿಷ್ ಟೆಸ್ಟ್‌ಗೆ ತಯಾರಿ ನಡೆಸಿದ್ದಳು. ಚಿತ್ರ ನೋಡಿ ಮಾತಾಡಬೇಕಾದ ಪ್ರಶ್ನೆ ಅದು. ಮೊದಲ ಅರ್ಧ ನಿಮಿಷ ಮಾತು ಸರಾಗವಾಗಿ ಓಡಿತು. 34ನೇ ಸೆಕೆಂಡಿಗೆ ನಿಂತಿತು. ಆಮೇಲೆ ಎರಡು ಸಲ ‘ಆಂಡ್... ಆಂಡ್...’ ಎಂದದ್ದು ಬಿಟ್ಟರೆ ಉಳಿದ ಹೊತ್ತೆಲ್ಲ ಅವಳ ಕೋಣೆಯ ಫ್ಯಾನಿನ ಸದ್ದು. “ನನಗೆ ಇಂಗ್ಲಿಷೇ ಬರಲ್ಲ ಅನ್ಸತ್ತೆ ಮೇಡಂ” ಎಂದಳು. ನಾನು ಒಪ್ಪಲಿಲ್ಲ. ಆ 34 ಸೆಕೆಂಡುಗಳಲ್ಲಿ ದೊಡ್ಡ ತಪ್ಪು ಒಂದೂ ಇರಲಿಲ್ಲ. ಅವಳಿಗೆ ಪದಗಳ ಕೊರತೆ ಇರಲಿಲ್ಲ, ಒಂದು ಮಾತಿನಿಂದ ಇನ್ನೊಂದಕ್ಕೆ ಹೋಗುವ ದಾರಿ ಗೊತ್ತಿರಲಿಲ್ಲ.

ಈ ಪರೀಕ್ಷೆಯನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ತೆರೆಯ ಮೇಲೆ Speak About the Photo ಎಂಬ ಪ್ರಶ್ನೆ ಬಂದಾಗ ಒಂದು ಫೋಟೊ ಕಾಣುತ್ತದೆ. ಅದನ್ನು ನೋಡಿ ಯೋಚಿಸಲು 20 ಸೆಕೆಂಡು, ಮಾತಾಡಲು 90 ಸೆಕೆಂಡು. ಕನಿಷ್ಠ 30 ಸೆಕೆಂಡು ಮಾತಾಡಲೇಬೇಕು. ಹಾಳೆ, ಪೆನ್ನು ಇಟ್ಟುಕೊಳ್ಳುವಂತಿಲ್ಲ. ಎದುರಿಗೆ ಪರೀಕ್ಷಕರೂ ಇರುವುದಿಲ್ಲ. ಕೇಂಬ್ರಿಡ್ಜಿನ ಬಿ1 ಮಟ್ಟದ ಪರೀಕ್ಷೆಯಲ್ಲೂ ಫೋಟೊ ವರ್ಣಿಸುವ ಪ್ರಶ್ನೆ ಇದೆ, ಆದರೆ ಅಲ್ಲಿ ಮಾತು ನಿಂತರೆ ಪರೀಕ್ಷಕರು ಒಂದು ಸಣ್ಣ ಪ್ರಶ್ನೆ ಕೇಳಿ ಮುಂದಕ್ಕೆ ನೂಕುತ್ತಾರೆ. ಇಲ್ಲಿ ಹಾಗೆ ನೂಕುವವರಿಲ್ಲದ್ದರಿಂದ ಮುಂದಿನ ಮಾತಿಗೆ ಎಳೆ ನಮ್ಮಲ್ಲೇ ಇರಬೇಕು.

ಹುಡುಗಿಯ ಮಾತು ಏಕೆ ನಿಂತಿತೆಂದು ನೋಡಲು ಆ ರೆಕಾರ್ಡಿಂಗನ್ನು ಹಾಳೆಯ ಮೇಲೆ ಬರೆದುಕೊಂಡೆವು. ಒಂಬತ್ತು ವಾಕ್ಯಗಳಲ್ಲಿ ಏಳು ‘ದೇರ್ ಈಸ್’ ಎಂದು ಶುರುವಾಗಿದ್ದವು. ಒಬ್ಬ ಮನುಷ್ಯ ಇದ್ದಾನೆ, ಒಂದು ಸೈಕಲ್ ಇದೆ, ಒಬ್ಬ ಹುಡುಗ ಇದ್ದಾನೆ, ಒಂದು ಮರ ಇದೆ. ಇದು ದಿನಸಿ ಚೀಟಿ ಓದಿದ ಹಾಗೆ. ಚೀಟಿಯ ಕೊನೆಯ ಸಾಲು ಮುಗಿದ ಮೇಲೆ ಓದುವುದಕ್ಕೇನೂ ಉಳಿಯುವುದಿಲ್ಲ. ಚಿತ್ರದಲ್ಲಿ ಹತ್ತು ವಸ್ತುಗಳಿದ್ದರೆ ಹತ್ತು ವಾಕ್ಯ, ಒಂದೊಂದಕ್ಕೆ ಮೂರೂವರೆ ಸೆಕೆಂಡು ಹಿಡಿದರೂ ಅರ್ಧ ನಿಮಿಷದ ಸುಮಾರಿಗೆ ಮಾತು ಬತ್ತಲೇಬೇಕು. ನಾನು ಕೇಳಿದ ರೆಕಾರ್ಡಿಂಗ್‌ಗಳಲ್ಲಿ ಹೆಚ್ಚಿನವು 30ರಿಂದ 40 ಸೆಕೆಂಡಿನೊಳಗೆ ನಿಂತಿರುವುದು ಇದೇ ಕಾರಣಕ್ಕೆ.

ಹಾಗಾದರೆ 90 ಸೆಕೆಂಡಿಗೆ ಎಷ್ಟು ಮಾತು ಬೇಕು? ನಮ್ಮ ಹುಡುಗರು ಅವಸರವಿಲ್ಲದೆ ಇಂಗ್ಲಿಷ್ ಮಾತಾಡಿದರೆ ನಿಮಿಷಕ್ಕೆ ಸುಮಾರು 110 ಪದ ಬರುತ್ತವೆ. ಒಂದೂವರೆ ನಿಮಿಷಕ್ಕೆ 160 ಚಿಲ್ಲರೆ. ವಾಕ್ಯಕ್ಕೆ ಹದಿಮೂರು, ಹದಿನಾಲ್ಕು ಪದ ಎಂದುಕೊಂಡರೆ ಹನ್ನೆರಡು ವಾಕ್ಯ. ಈ ಲೆಕ್ಕ ಹೇಳಿದ ಮೇಲೆ ಅವಳ ಮುಖದ ಗಾಬರಿ ಕಡಿಮೆಯಾಯಿತು. ತುಂಬಬೇಕಾದದ್ದು 90 ಸೆಕೆಂಡು ಎಂದಾಗ ಕೈಕಾಲು ತಣ್ಣಗಾಗುತ್ತದೆ, ಹೇಳಬೇಕಾದದ್ದು ಹನ್ನೆರಡು ವಾಕ್ಯ ಎಂದಾಗ ಅದು ಕೈಗೆ ಸಿಗುವ ಕೆಲಸ.

ಅವಳು ವರ್ಣಿಸಿದ್ದ ಚಿತ್ರವನ್ನೇ ಮತ್ತೆ ತೆಗೆದುಕೊಂಡೆವು. ರಸ್ತೆ ಬದಿಯ ಸೈಕಲ್ ರಿಪೇರಿ ಜಾಗ. ವಯಸ್ಸಾದ ಒಬ್ಬರು ಗಿಡ್ಡ ಸ್ಟೂಲಿನ ಮೇಲೆ ಕೂತು, ನೀರಿನ ಬೋಗುಣಿಯಲ್ಲಿ ಟ್ಯೂಬ್ ಅದ್ದಿ ಪಂಕ್ಚರ್ ಹುಡುಕುತ್ತಿದ್ದಾರೆ. ಪಕ್ಕದಲ್ಲಿ ತಲೆಕೆಳಗಾಗಿ ನಿಲ್ಲಿಸಿದ ಪುಟ್ಟ ಸೈಕಲ್. ಶಾಲೆಯ ಸಮವಸ್ತ್ರದ ಹುಡುಗನೊಬ್ಬ ಬೆನ್ನ ಮೇಲೆ ಬ್ಯಾಗು ಹೊತ್ತು ನಿಂತಿದ್ದಾನೆ. ಎಡಕ್ಕೆ ಮರ, ಅದಕ್ಕೆ ತೂಗುಹಾಕಿದ ಹಳೇ ಟೈರುಗಳು. ಹಿಂದೆ ಮಸುಕಾಗಿ ಒಂದು ಬಸ್ಸು, ಮಡಚಿದ ಕೊಡೆ ಹಿಡಿದ ಜನ. ರಸ್ತೆ ಒದ್ದೆ.

ಮೊದಲ 20 ಸೆಕೆಂಡಿನಲ್ಲಿ ವಾಕ್ಯ ಕಟ್ಟಲು ಹೋಗಬಾರದು. ಕಟ್ಟಿದ ಮೊದಲ ವಾಕ್ಯ ಮಾತು ಶುರುವಾಗುವಷ್ಟರಲ್ಲಿ ಮರೆತುಹೋಗಿರುತ್ತದೆ, ಅದನ್ನು ನೆನಪಿಸಿಕೊಳ್ಳುವ ತಿಣುಕಾಟದಲ್ಲೇ ಹತ್ತು ಸೆಕೆಂಡು ಕಳೆಯುತ್ತದೆ. ಆ ಹೊತ್ತಿನಲ್ಲಿ ಮೂರು ಸಂಗತಿ ಮಾತ್ರ ಹುಡುಕಬೇಕು. ಚಿತ್ರದ ನಡುಮಧ್ಯದ ಕೆಲಸ ಯಾವುದು? ಇಲ್ಲಿ ಟ್ಯೂಬ್ ಅದ್ದುವುದು. ಅಂಚಿನಲ್ಲಿ ಏನಿದೆ? ಟೈರು, ಬಸ್ಸು, ಒದ್ದೆ ರಸ್ತೆ. ಚಿತ್ರ ಬಾಯಿಬಿಟ್ಟು ಹೇಳದಿದ್ದರೂ ಅದರಿಂದ ಊಹಿಸಬಹುದಾದ್ದು ಏನು? ಹುಡುಗನಿಗೆ ಶಾಲೆಗೆ ತಡವಾಗಿದೆ. ಮೂರನೆಯದು ಸಿಕ್ಕರೆ ಉತ್ತರಕ್ಕೆ ಕೊನೆ ಸಿಕ್ಕ ಹಾಗೆ. ಎಲ್ಲಿ ಮುಗಿಸಬೇಕೆಂದು ಗೊತ್ತಿರುವವರು ನಡುವೆ ತಡವರಿಸುವುದು ಕಡಿಮೆ.

ಶುರುವಿನ ವಾಕ್ಯ ಒಂದೇ ಸಾಕು: ಮಳೆ ನಿಂತ ಮೇಲೆ ತೆಗೆದಂತಿರುವ, ರಸ್ತೆ ಬದಿಯ ಪುಟ್ಟ ಸೈಕಲ್ ರಿಪೇರಿ ಜಾಗದ ಚಿತ್ರ ಇದು. ‘ಈ ಮನೋಹರ ಚಿತ್ರವು ಮಾನವ ಜೀವನದ...’ ಎಂಬ ಕಂಠಪಾಠದ ಪೀಠಿಕೆಯನ್ನು ನಾನು ನಿರ್ದಾಕ್ಷಿಣ್ಯವಾಗಿ ತೆಗೆಸುತ್ತೇನೆ. ಎಲ್ಲ ಚಿತ್ರಕ್ಕೂ ಹೊಂದುವ ವಾಕ್ಯ ಯಾವ ಚಿತ್ರದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಅಂಕ ಕೊಡುವಾಗ ನೋಡುವ ಅಂಶಗಳಲ್ಲಿ ವಿಷಯಕ್ಕೆ ಹೊಂದಿಕೆ, ಮಾತಿನ ಜೋಡಣೆ ಎರಡೂ ಇವೆ, ಉಚ್ಚಾರಣೆ ವ್ಯಾಕರಣಗಳು ಮಾತ್ರವಲ್ಲ.

ಎರಡನೇ ವಾಕ್ಯದಿಂದ ನಡುವಿನ ಮನುಷ್ಯನಿಗೆ ಬರಬೇಕು, ಅವರನ್ನು ಬೇಗ ಬಿಡಬಾರದು. ಹನ್ನೆರಡರಲ್ಲಿ ಐದಾದರೂ ವಾಕ್ಯ ಅವರಿಗೂ ಹುಡುಗನಿಗೂ ಸೇರಬೇಕು. ಮುದುಕರು ಗಿಡ್ಡ ಸ್ಟೂಲಿನ ಮೇಲೆ ಬಾಗಿ ಕೂತಿದ್ದಾರೆ. ಗಾಳಿ ಎಲ್ಲಿಂದ ಹೋಗುತ್ತಿದೆಯೆಂದು ನೋಡಲು ಟ್ಯೂಬನ್ನು ನೀರಿನಲ್ಲಿ ಅದ್ದಿದ್ದಾರೆ. ತೋಳು ಮಡಚಿದೆ, ಬೆರಳು ಗ್ರೀಸಿನಿಂದ ಕಪ್ಪಾಗಿವೆ, ಅಂದರೆ ಬೆಳಗಿನಿಂದ ಕೆಲಸ ಮಾಡುತ್ತಿರಬೇಕು. ಪಕ್ಕದಲ್ಲಿ ಹತ್ತು ವರ್ಷದ ಹುಡುಗ ನಿಂತಿದ್ದಾನೆ. ಅವನ ಕಣ್ಣು ಮುದುಕರ ಕೈಯ ಮೇಲೆಯೇ ಇದೆ. ಇಲ್ಲಿ ಒಂದು ವಾಕ್ಯದ ಬಾಲವನ್ನು ಹಿಡಿದು ಮುಂದಿನದು ಬರುತ್ತಿದೆ: ಕೂತವರಿಂದ ಕೈಗೆ, ಕೈಯಿಂದ ಬೆರಳಿಗೆ, ಹುಡುಗನ ಕಣ್ಣಿನಿಂದ ಮತ್ತೆ ಆ ಕೈಗೆ. ಜೋಡಣೆ ಎಂದರೆ ಇದೇ. ‘ಮೊರೋವರ್’, ‘ಫರ್ದರ್‌ಮೋರ್’ ಎಂದು ಪ್ರತಿ ವಾಕ್ಯಕ್ಕೂ ಕೊಂಡಿ ಹಾಕಿದರೆ ಅದು ಜೋಡಣೆಯಾಗುವುದಿಲ್ಲ.

ಕನ್ನಡದವರಿಗೆ ಇಲ್ಲೇ ಒಂದು ತೊಡಕಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಗಿಡ್ಡ ಸ್ಟೂಲಿನ ಮೇಲೆ ಕೂತು ಟ್ಯೂಬ್ ಅದ್ದುತ್ತಿರುವ ಮುದುಕ’ ಎನ್ನುವಾಗ ನಮ್ಮ ಭಾಷೆಯಲ್ಲಿ ವಿವರವೆಲ್ಲ ಮುಂದೆ, ಮನುಷ್ಯ ಕೊನೆಗೆ. ಇಂಗ್ಲಿಷಿನಲ್ಲಿ ಮನುಷ್ಯ ಮೊದಲು: ‘ಆನ್ ಓಲ್ಡ್ ಮ್ಯಾನ್, ಸಿಟ್ಟಿಂಗ್ ಆನ್ ಅ ಲೋ ಸ್ಟೂಲ್’. ತಲೆಯಲ್ಲಿ ಕನ್ನಡದ ವಾಕ್ಯ ಕಟ್ಟಿಕೊಂಡು ತಿರುಗಿಸಲು ಹೋದರೆ, ವಿವರವೆಲ್ಲ ಕೂಡಿಬರುವ ತನಕ ಬಾಯಿ ತೆರೆಯಲಾಗುವುದಿಲ್ಲ. ವಾಕ್ಯದ ಆರಂಭದಲ್ಲೇ ಮೂರು ನಾಲ್ಕು ಸೆಕೆಂಡಿನ ಮೌನ ಬರುವುದು ಹೀಗೆ. ಮನುಷ್ಯನ ಹೆಸರು ಹಿಡಿದು ಮೊದಲು ಹೊರಟುಬಿಡಿ, ಕಣ್ಣಿಗೆ ಕಂಡ ಹಾಗೆ ವಿವರವನ್ನು ಹಿಂದಿನಿಂದ ಒಂದೊಂದೇ ಅಂಟಿಸಿ. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ವಾಕ್ಯ ಕೆಡುವುದಿಲ್ಲ. ಹೀಗೆ ಮಾತಾಡಲು ಕಲಿತ ಮೇಲೆ ಮೌನ ಕಡಿಮೆಯಾದದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಜೊತೆಗೆ, ನಮ್ಮ ‘ಇದೆ’ ಎಂಬ ಪದ ‘ಹಿ ಈಸ್ ಹ್ಯಾವಿಂಗ್ ಅ ಬ್ಯಾಗ್’ ಎಂದು ಹೇಳಿಸುತ್ತದೆ. ‘ಹಿ ಹ್ಯಾಸ್ ಅ ಬ್ಯಾಗ್’ ಎನ್ನಬೇಕು. ಚಿತ್ರವರ್ಣನೆಯಲ್ಲಿ ಇದು ಪದೇ ಪದೇ ಬರುವುದರಿಂದ ಇದೊಂದನ್ನು ತಿದ್ದಿಕೊಂಡರೂ ಬಹಳ ಹಗುರವಾಗುತ್ತದೆ.

ನಡುವಿನಿಂದ ಅಂಚಿಗೆ ಹೋಗುವುದು ಮೂರು ವಾಕ್ಯದ ಕೆಲಸ. ಎಡಕ್ಕೆ ಮರ ಮತ್ತು ಟೈರು, ಹಿಂದೆ ಬಸ್ಸು ಮತ್ತು ಜನ, ನೆಲ ಒದ್ದೆ. ಎಡಕ್ಕೆ, ಹಿಂದಕ್ಕೆ, ಕೆಳಕ್ಕೆ ಎಂದು ಕಣ್ಣು ಒಂದೇ ದಿಕ್ಕಿನಲ್ಲಿ ಸಾಗಬೇಕು. ಎಡದಿಂದ ಬಲಕ್ಕೆ ಹಾರಿ ಮತ್ತೆ ಎಡಕ್ಕೆ ಬಂದರೆ ಕೇಳುವವರ ಮನಸ್ಸಿನಲ್ಲಿ ಚಿತ್ರ ಕದಡುತ್ತದೆ. ಪದ ಸಿಗದಿದ್ದರೆ ಅದಕ್ಕಾಗಿ ಕಾಯಬಾರದು. ಬೋಗುಣಿಗೆ ‘ಬೇಸಿನ್’ ನೆನಪಾಗದಿದ್ದರೆ ‘ಅ ಬಿಗ್ ಬೌಲ್ ಆಫ್ ವಾಟರ್’ ಸಾಕು.

ಉಳಿದ ಮೂರು ವಾಕ್ಯ ಊಹೆಗೆ. ಊಹೆಯ ಜೊತೆ ಸಾಕ್ಷಿ ಇರಲೇಬೇಕು. ಸೈಕಲ್ ಆ ಹುಡುಗನದೇ ಇರಬೇಕು, ಏಕೆಂದರೆ ಮುದುಕರಿಗೆ ಅದು ತೀರ ಚಿಕ್ಕದು. ಅವನಿಗೆ ಶಾಲೆಗೆ ತಡವಾಗಿರಬಹುದು, ಏಕೆಂದರೆ ಬ್ಯಾಗನ್ನೂ ಕೆಳಗಿಳಿಸದೆ ನಿಂತಿದ್ದಾನೆ. ಮುದುಕರಿಗಾದರೋ ಯಾವ ಅವಸರವೂ ಇದ್ದಂತಿಲ್ಲ. ಇಂಗ್ಲಿಷಿನಲ್ಲಿ ‘ಮಸ್ಟ್ ಬಿ’, ‘ಮೈಟ್ ಬಿ’, ‘ಡಸಂಟ್ ಸೀಮ್’ ಎಂಬ ಮೂರು ಬಗೆಯ ಮಾತು ಇಲ್ಲಿ ತಾನಾಗಿ ಬಂದುಬಿಡುತ್ತವೆ, ವಾಕ್ಯಗಳ ರೂಪ ಬದಲಾಗುತ್ತದೆ. ‘ಇದೆ, ಇದೆ’ ಎಂಬ ಪಟ್ಟಿಯಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ. ಸಾಕ್ಷಿಯಿಲ್ಲದ ಊಹೆ ಮಾತ್ರ ಬೇಡ. ಹುಡುಗನ ಅಪ್ಪ ಬಡವ, ಅವನು ಮುಂದೆ ಎಂಜಿನಿಯರ್ ಆಗುತ್ತಾನೆ ಎಂದು ಕಥೆ ಕಟ್ಟಿದರೆ ಮಾತು ಚಿತ್ರ ಬಿಟ್ಟು ಹೋಗುತ್ತದೆ.

90ನೇ ಸೆಕೆಂಡಿಗೆ ರೆಕಾರ್ಡಿಂಗ್ ತಾನೇ ನಿಲ್ಲುತ್ತದೆ. ಆದ್ದರಿಂದ 80 ದಾಟಿದ ಮೇಲೆ ಹೊಸ ವಸ್ತು ಎತ್ತಿಕೊಳ್ಳದೆ, ಕಾದಿಟ್ಟ ಕೊನೆಯ ಊಹೆಯನ್ನು ಹೇಳಿ ಮುಗಿಸುವುದು ಲೇಸು.

ಮನುಷ್ಯರೇ ಇಲ್ಲದ ಚಿತ್ರ ಬಂದರೆ ಈ ಅಳತೆ ಸ್ವಲ್ಪ ಬದಲಾಗುತ್ತದೆ. ಖಾಲಿ ಅಡುಗೆಮನೆಯ ಚಿತ್ರವಾದರೆ ನಡುವೆ ಒಲೆಯನ್ನೋ ಮೇಜನ್ನೋ ಇಟ್ಟುಕೊಂಡು, ಯಾರು ಈಗಷ್ಟೇ ಎದ್ದುಹೋಗಿರಬಹುದು ಎಂಬ ಊಹೆಗೆ ಹೆಚ್ಚು ವಾಕ್ಯ ಕೊಡಬೇಕಾಗುತ್ತದೆ. ಇನ್ನೊಂದು ಮಾತು: ಈ ಕ್ರಮದಿಂದ ಉಚ್ಚಾರಣೆ ಸುಧಾರಿಸುವುದಿಲ್ಲ, ಪದಸಂಪತ್ತೂ ಹೆಚ್ಚುವುದಿಲ್ಲ. ಅವಕ್ಕೆ ಬೇರೆ ಅಭ್ಯಾಸ ಬೇಕು.

ಅಭ್ಯಾಸ ಸರಿಯಾಗಿದೆಯೇ ಎಂದು ನೋಡಲು ನಾನು ನೆಚ್ಚಿಕೊಂಡಿರುವ ಪರೀಕ್ಷೆ ಒಂದೇ. ಚಿತ್ರ ನೋಡಿರದ ಒಬ್ಬರಿಗೆ ರೆಕಾರ್ಡಿಂಗ್ ಕೇಳಿಸಿ, ಕೇಳಿದ್ದನ್ನು ಪೆನ್ಸಿಲಿನಲ್ಲಿ ಗೀಚಲು ಹೇಳುತ್ತೇನೆ. ಆ ಹುಡುಗಿಯ ಮೊದಲ ರೆಕಾರ್ಡಿಂಗ್ ಕೇಳಿ ಅವಳ ತಮ್ಮ ಸೈಕಲ್ಲನ್ನು ಒಂದು ಮೂಲೆಯಲ್ಲಿ, ಮುದುಕರನ್ನು ಇನ್ನೊಂದು ಮೂಲೆಯಲ್ಲಿ ಬರೆದಿದ್ದ. ಎರಡು ವಾರದ ನಂತರ ಅದೇ ಬಗೆಯ ಬೇರೊಂದು ಚಿತ್ರಕ್ಕೆ ಅವಳು 83 ಸೆಕೆಂಡು ಮಾತಾಡಿದಳು. ‘ದೇರ್ ಈಸ್’ ಎರಡೇ ಸಲ ಬಂದಿತ್ತು. ಈ ಸಲ ತಮ್ಮ ಬರೆದ ಚಿತ್ರದಲ್ಲಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ನಿಂತಿದ್ದರು.