ಬಟನ್ ಒತ್ತುವ ಮುನ್ನ ಗಿರಾಕಿ ಕೇಳುವ ಪ್ರಶ್ನೆಗಳು

ಯುವ ಮಿತ್ರರೇ, ನಿಮ್ಮಲ್ಲಿ ಕೆಲವರು ಸಾಫ್ಟ್‌ವೇರ್ ಕಂಪೆನಿಗಳ ಜಾಹೀರಾತು ವಿಭಾಗದಲ್ಲಿ ಇದ್ದೀರಿ, ಇನ್ನು ಕೆಲವರು ಸ್ವಂತ ಉದ್ಯಮಕ್ಕೆ ಕೈಹಾಕಿದ್ದೀರಿ. 'ಮೊದಲು ಉಚಿತವಾಗಿ ಬಳಸಿ ನೋಡಿ, ಹಿಡಿಸಿದರೆ ಹಣ ಕೊಡಿ' ಎಂಬ ಫ್ರೀ ಟ್ರಯಲ್ ನಿಮಗೆ ಹೊಸದಲ್ಲ. ಜಾಹೀರಾತನ್ನು ಒತ್ತಿದವರು ಮೊದಲು ಬಂದು ಇಳಿಯುವ ಪುಟಕ್ಕೆ ಲ್ಯಾಂಡಿಂಗ್ ಪೇಜ್ ಎನ್ನುತ್ತಾರೆ. ಹೆಸರು ನೋಂದಾಯಿಸುವವರು ಕಡಿಮೆಯಾದರೆ ಕಂಪೆನಿಯವರು ಸಾಮಾನ್ಯವಾಗಿ ಮೊದಲು ಪುಟದ ಬಣ್ಣ ಬದಲಿಸುತ್ತಾರೆ. ಆದರೆ ಗಿರಾಕಿ ಹಿಂದೆ ಸರಿಯುವುದು ಹೆಚ್ಚಾಗಿ ಬಣ್ಣಕ್ಕಲ್ಲ, ಮನಸ್ಸಿನಲ್ಲೇ ಉಳಿದುಹೋದ ಒಂದು ಅನುಮಾನಕ್ಕೆ. ಆ ಅನುಮಾನ ಹುಟ್ಟುವುದೆಲ್ಲಿ, ಅದಕ್ಕೆ ಉತ್ತರ ಕೊಡುವುದು ಹೇಗೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಹೋಟೆಲುಗಳಿಗೆ ಬಿಲ್ ಮಾಡುವ ಒಂದು ಸಾಫ್ಟ್‌ವೇರ್ ಇದೆ, ಅದನ್ನು 14 ದಿನ ಉಚಿತವಾಗಿ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ನಮ್ಮ ಗಿರಾಕಿ ಮುಂಬಯಿಯ ಮಾಟುಂಗಾದ ಒಬ್ಬ ಉಡುಪಿ ಹೋಟೆಲಿನ ಮಾಲಕರು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಗಲ್ಲಾದಲ್ಲಿ ಕುಳಿತು ಮೊಬೈಲಿನಲ್ಲಿ ಜಾಹೀರಾತು ನೋಡಿ ಒತ್ತುತ್ತಾರೆ. ಇಂಥ ಒಂದು ಒತ್ತಿಗೆ ಕಂಪೆನಿ 20 ರೂಪಾಯಿ ತೆರುತ್ತದೆ ಎನ್ನೋಣ. ಸಾವಿರ ಜನ ಬಂದರೆ 20,000 ರೂಪಾಯಿ ಖರ್ಚು. ಅವರಲ್ಲಿ 300 ಮಂದಿ 'ಶುರು ಮಾಡಿ' ಎಂಬ ಬಟನ್ ಒತ್ತಿದರು, ಆದರೆ ಫಾರ್ಮ್ ತುಂಬಿ ಮುಗಿಸಿದವರು 40 ಮಂದಿ ಮಾತ್ರ. ಅಂದರೆ ಒಂದು ನೋಂದಣಿಗೆ 500 ರೂಪಾಯಿ ಬಿತ್ತು.

ಈ ಮೂರು ಅಂಕಿಗಳನ್ನು ಬೇರೆಬೇರೆಯಾಗಿ ಎಣಿಸಿದರೆ ರೋಗ ಎಲ್ಲಿದೆಯೆಂದು ತಿಳಿಯುತ್ತದೆ. ಸಾವಿರದಲ್ಲಿ 30 ಮಂದಿ ಮಾತ್ರ ಬಟನ್ ಒತ್ತಿದ್ದರೆ ತಪ್ಪು ಪುಟದ ಮೇಲ್ಭಾಗದಲ್ಲಿದೆ ಎನ್ನಬಹುದಿತ್ತು. ಇಲ್ಲಿ 300 ಮಂದಿಗೆ ಮನಸ್ಸಿತ್ತು, ಫಾರ್ಮ್ ಅವರನ್ನು ಹಿಂದಕ್ಕೆ ಕಳಿಸಿತು. ಈ ಸ್ಥಿತಿಯಲ್ಲಿ ಬಣ್ಣ ಬದಲಿಸಿ ಏನು ಪ್ರಯೋಜನ?

ಆದರೂ ಮೇಲಿನಿಂದಲೇ ಬರೋಣ. ಪುಟ ತೆರೆದೊಡನೆ ಮಾಲಕರ ಮೊದಲ ಪ್ರಶ್ನೆ 'ನಾನು ಬಂದದ್ದು ಸರಿಯಾದ ಜಾಗಕ್ಕೇ ತಾನೇ?' ಎಂಬುದು. ಜಾಹೀರಾತಿನಲ್ಲಿ 'ಹೋಟೆಲ್ ಬಿಲ್ಲಿಂಗ್, 14 ದಿನ ಉಚಿತ' ಎಂದಿದ್ದು, ಪುಟದ ತಲೆಬರಹದಲ್ಲಿ 'ವ್ಯಾಪಾರದ ಹೊಸ ಯುಗಕ್ಕೆ ಸ್ವಾಗತ' ಎಂದಿದ್ದರೆ ಅವರು ಅಲ್ಲಿಂದಲೇ ಹಿಂದಿರುಗುತ್ತಾರೆ. ಜಾಹೀರಾತಿನ ಮಾತೇ ತಲೆಬರಹದಲ್ಲಿಯೂ ಇರಲಿ. ಅದರ ಕೆಳಗೆ ಬಿಲ್ಲು ಹೇಗೆ ಕಾಣುತ್ತದೆ ಎಂಬ ಒಂದು ನಿಜವಾದ ಚಿತ್ರ, ಅದರ ಕೆಳಗೆ ಒಂದೇ ಕೆಲಸ ಹೇಳುವ ಬಟನ್ ಇದ್ದರೆ ಸಾಕು. 'ನಮ್ಮ ಬಗ್ಗೆ', 'ಸುದ್ದಿ', 'ಇತರ ಉತ್ಪನ್ನಗಳು' ಎಂಬ ಕೊಂಡಿಗಳು ಈ ಪುಟಕ್ಕೆ ಬೇಡ. ಅವು ಒಂದೊಂದೂ ಹೊರಗೆ ಹೋಗುವ ಬಾಗಿಲೇ. ಬಟನ್ ಮೇಲೆ 'ಸಬ್ಮಿಟ್' ಎಂದು ಬರೆಯುವುದಕ್ಕಿಂತ '14 ದಿನ ಉಚಿತವಾಗಿ ಬಳಸಿ ನೋಡಿ' ಎಂದು ಬರೆದರೆ ಒತ್ತಿದ ಮೇಲೆ ಏನು ಸಿಗುತ್ತದೆಂದು ತಿಳಿಯುತ್ತದೆ.

ಎರಡನೆಯ ಪ್ರಶ್ನೆ: 'ಇಷ್ಟೆಲ್ಲಾ ಇವರಿಗೆ ಯಾಕೆ ಬೇಕು?' ನಮ್ಮ ಉದಾಹರಣೆಯ ಫಾರ್ಮ್ ಹೆಸರು, ಹೋಟೆಲಿನ ಹೆಸರು, ವಿಳಾಸ, ಇಮೇಲ್, ಮೊಬೈಲ್, ಮೇಜುಗಳ ಸಂಖ್ಯೆ, ಜಿಎಸ್‌ಟಿ ನಂಬರು, ಎರಡು ಸಲ ಪಾಸ್‌ವರ್ಡ್, ಹೀಗೆ ಒಂಬತ್ತು ಸಂಗತಿ ಕೇಳುತ್ತಿತ್ತು. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರಗಳಿರುತ್ತವೆ. ಗಲ್ಲಾದಲ್ಲಿ ಕುಳಿತವರಿಗೆ ಅದು ಬಾಯಿಪಾಠ ಇರುವುದು ಅಪರೂಪ. ಅದನ್ನು ಹುಡುಕಲು ಎದ್ದವರು ಮರಳಿ ಬರುವುದು ಇನ್ನೂ ಅಪರೂಪ. ಆದ್ದರಿಂದ ಪ್ರತಿಯೊಂದು ಖಾನೆಯ ಮುಂದೆ ಬೆರಳಿಟ್ಟು 'ಇದಿಲ್ಲದೆ ಇಂದು ಖಾತೆ ತೆರೆಯಲು ಆಗುವುದೇ ಇಲ್ಲವೇ?' ಎಂದು ಕೇಳಿಕೊಳ್ಳಿ. ಮೊಬೈಲ್ ನಂಬರು, ಅದಕ್ಕೆ ಬರುವ ಒಟಿಪಿ, ಇಷ್ಟರಲ್ಲೇ ಖಾತೆ ತೆರೆಯಬಹುದು. ಜಿಎಸ್‌ಟಿ ನಂಬರನ್ನು ತೆರಿಗೆ ಬಿಲ್ಲು ಮುದ್ರಿಸುವಾಗ ಕೇಳಿದರಾಯಿತು, ಆಗ ಅದು ಯಾಕೆಂದು ಅವರಿಗೇ ಗೊತ್ತಿರುತ್ತದೆ.

ಉಳಿದ ಖಾನೆಯಲ್ಲಿಯೂ ಎರಡು ಸೂಕ್ಷ್ಮಗಳಿವೆ. ಖಾನೆಗೆ `type="tel"` ಎಂದು ಕೊಟ್ಟರೆ ಮೊಬೈಲಿನಲ್ಲಿ ನೇರವಾಗಿ ಅಂಕಿಗಳ ಕೀಲಿಮಣೆ ತೆರೆಯುತ್ತದೆ. 'ಮೊಬೈಲ್ ನಂಬರು' ಎಂಬ ಹೆಸರು ಖಾನೆಯ ಒಳಗಲ್ಲ, ಮೇಲ್ಗಡೆ ಇರಬೇಕು. ಒಳಗಿದ್ದರೆ ಬರೆಯಲು ತೊಡಗಿದಾಗ ಅಳಿಸಿಹೋಗಿ, ಏನು ಕೇಳಿದ್ದರೆಂಬುದೇ ಮರೆತುಹೋಗುತ್ತದೆ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು: '15ನೆಯ ದಿನ ನನ್ನ ಹಣ ಕತ್ತರಿಸುತ್ತಾರೆಯೇ?' ಉತ್ತರವನ್ನು ಷರತ್ತುಗಳ ಸಣ್ಣ ಅಕ್ಷರಗಳಲ್ಲಿ ಹುದುಗಿಸಬೇಡಿ. ಬಟನ್ ಕೆಳಗೇ ಹೀಗೆ ಬರೆಯಿರಿ: 'ಕಾರ್ಡ್ ಬೇಡ. 14 ದಿನಗಳ ನಂತರ ನೀವು ಹಣ ಕಟ್ಟದಿದ್ದರೆ ಖಾತೆ ತಾನಾಗಿ ನಿಲ್ಲುತ್ತದೆ.' ಬರೆದದ್ದು ನಿಜವೂ ಆಗಿರಬೇಕು ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ಇಲ್ಲಿ ಕಾನೂನಿನ ಮಾತೂ ಇದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 'ಡಾರ್ಕ್ ಪ್ಯಾಟರ್ನ್' ಎಂಬ ಮೋಸದ ವಿನ್ಯಾಸಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 13 ಬಗೆಗಳನ್ನು ಹೆಸರಿಸಿದ್ದಾರೆ. ಉಚಿತ ಚಂದಾಕ್ಕಾಗಿ ಪಾವತಿಯ ವಿವರವನ್ನೋ ತಾನಾಗಿ ಹಣ ಕಡಿತವಾಗುವ ಒಪ್ಪಿಗೆಯನ್ನೋ ಬಲವಂತದಿಂದ ಪಡೆಯುವುದು ಅವುಗಳಲ್ಲಿ ಒಂದು. ಇಲ್ಲದ ಗಡುವನ್ನು ತೋರಿಸಿ 'ಇನ್ನು ಹತ್ತೇ ನಿಮಿಷ' ಎಂದು ಅವಸರಪಡಿಸುವುದು ಇನ್ನೊಂದು. ಕಾರ್ಡ್ ಕೇಳಿದರೆ ಗಟ್ಟಿ ಗಿರಾಕಿಗಳು ಮಾತ್ರ ಬರುತ್ತಾರೆ ಎಂದು ವಾದಿಸುವವರು ಇದ್ದಾರೆ. ಆ ಮಾತಿನಲ್ಲಿ ಸತ್ಯಾಂಶವೂ ಇದೆ. ಆದರೆ ನಮ್ಮ ದೇಶದಲ್ಲಿ ಆ ದಾರಿ ಹಿಡಿಯುವ ಮುನ್ನ ಈ ಮಾರ್ಗಸೂಚಿಯನ್ನು ಓದಲೇಬೇಕು.

ಹೀಗೆ ತಿದ್ದಿದ ಪುಟದಲ್ಲಿ ಸಾವಿರಕ್ಕೆ 40ರ ಬದಲು 60 ನೋಂದಣಿ ಬಂದವು ಎನ್ನೋಣ. ಅದು ನಿಜವಾದ ಏರಿಕೆಯೋ ಆಕಸ್ಮಿಕವೋ? ಬಂದವರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಹಳೆಯ ಪುಟ, ಇನ್ನೊಂದಕ್ಕೆ ಹೊಸ ಪುಟ ತೋರಿಸುವುದು ಪರೀಕ್ಷೆಯ ಕ್ರಮ. ತಲಾ 200 ಜನ ಬಂದಾಗ 8 ಮತ್ತು 12 ನೋಂದಣಿ ಕಂಡರೆ ಹಿಗ್ಗಬೇಡಿ, ಅಷ್ಟು ವ್ಯತ್ಯಾಸ ಬರಿಯ ಅದೃಷ್ಟದಿಂದಲೂ ಬರುತ್ತದೆ. ನೂರಕ್ಕೆ 4 ಮತ್ತು 6ರ ನಡುವಣ ಅಂತರವನ್ನು ನಂಬಿಕೆಯಿಂದ ಹೇಳಲು ಒಂದೊಂದು ಪುಟಕ್ಕೂ ಸುಮಾರು 1,900 ಜನ ಬೇಕು. ಎಷ್ಟು ಜನರಾದ ಮೇಲೆ ನಿಲ್ಲಿಸುವುದೆಂದು ಮೊದಲೇ ಗೊತ್ತುಮಾಡಿ, ಪೂರ್ತಿ ವಾರಗಳನ್ನು ಲೆಕ್ಕಕ್ಕೆ ಹಿಡಿಯಿರಿ. ಭಾನುವಾರದ ಹೋಟೆಲಿನ ಗಲ್ಲಾ ಸೋಮವಾರದಂತೆ ಇರುವುದಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಫಾರ್ಮ್ ಸುಲಭವಾದಾಗ ಸುಮ್ಮನೆ ನೋಡಿಹೋಗುವವರೂ ಹೆಚ್ಚುತ್ತಾರೆ. ಆದ್ದರಿಂದ ನೋಂದಣಿಯ ಪಕ್ಕದಲ್ಲಿ ಇನ್ನೆರಡು ಅಂಕಿಗಳನ್ನು ಬರೆದಿಡಿ: 14 ದಿನಗಳೊಳಗೆ ನಿಜವಾಗಿ ಒಂದು ಬಿಲ್ಲನ್ನಾದರೂ ಮಾಡಿದವರೆಷ್ಟು, ಅವಧಿ ಮುಗಿದ ಮೇಲೆ ಹಣ ಕಟ್ಟಿದವರೆಷ್ಟು. ನೋಂದಣಿ ಏರಿಯೂ ಇವೆರಡು ಅಲ್ಲೇ ನಿಂತಿದ್ದರೆ ಇನ್ನು ಕೈಹಾಕಬೇಕಾದದ್ದು ಪುಟಕ್ಕಲ್ಲ, ಬಟನ್ ಒತ್ತಿ ಒಳಗೆ ಬಂದ ಆ ಮಾಲಕರಿಗೆ ಮೊದಲ ಐದು ನಿಮಿಷದಲ್ಲಿ ಏನು ಕಾಣುತ್ತದೆಯೋ ಅದಕ್ಕೆ.