ಫ್ರಿಜ್ಜಿನಲ್ಲಿ ನೀರು ಹೋಗುವ ದಾರಿ

ಮಂಗಳೂರಿನ ಪರಿಚಿತರ ಮನೆಯಲ್ಲಿ ಮಳೆಗಾಲದುದ್ದಕ್ಕೂ ಫ್ರಿಜ್ಜಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಹಲಗೆಗಳನ್ನೆಲ್ಲ ತೊಳೆದರು, ನಿಂಬೆಹೋಳು ಇಟ್ಟರು. ಎರಡು ದಿನ ಕಡಿಮೆಯಾಗಿ ವಾಸನೆ ಮತ್ತೆ ಬಂತು. ಕೊನೆಗೆ ತರಕಾರಿ ಡಬ್ಬಿಯನ್ನು ಪೂರ್ತಿ ಹೊರಗೆಳೆದು ನೋಡಿದರೆ ಅದರಡಿ ನೀರು ನಿಂತು ಲೋಳೆಗಟ್ಟಿತ್ತು.

ಆ ನೀರು ಬಂದದ್ದು ಗಾಳಿಯಿಂದ. ಬಾಗಿಲು ತೆಗೆದಾಗಲೆಲ್ಲ ಹೊರಗಿನ ತೇವದ ಗಾಳಿ ಒಳಸೇರಿ ತಣ್ಣಗಿನ ಕೊಳವೆಗಳ ಮೇಲೆ ಹಿಮವಾಗಿ ಕೂರುತ್ತದೆ. ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಅದು ಆಗಾಗ ತಾನಾಗಿಯೇ ಕರಗುತ್ತದೆ. ಕರಗಿದ ನೀರು ಸಣ್ಣ ತೂತು, ಪೈಪುಗಳ ಮೂಲಕ ಇಳಿದು ಹಿಂಬದಿಯ ಕಂಪ್ರೆಸರ್ ಮೇಲಿನ ಟ್ರೇಯಲ್ಲಿ ಬೀಳುತ್ತದೆ. ಕಂಪ್ರೆಸರ್‌ನ ಬಿಸಿಗೆ ಆರಿಹೋಗುತ್ತದೆ. ಬಟನ್ ಒತ್ತಿ ಐಸ್ ಕರಗಿಸುವ ಸಿಂಗಲ್ ಡೋರ್ ಫ್ರಿಜ್ಜುಗಳಲ್ಲೂ ಸಾಮಾನ್ಯವಾಗಿ ಹೀಗೆಯೇ. ಈ ದಾರಿಯಲ್ಲಿ ಎಲ್ಲಿ ನೀರು ನಿಂತರೂ ಅಲ್ಲಿ ವಾಸನೆ ಹುಟ್ಟುತ್ತದೆ. ಅವರ ಮನೆಯಲ್ಲಿ ಕೊಳೆತ ಕೊತ್ತಂಬರಿ ಎಲೆಯೊಂದು ತೂತಿಗೆ ಅಡ್ಡ ಕೂತಿತ್ತು.

ಕೆಲಸ ಶುರು ಮಾಡುವ ಮೊದಲು ಪ್ಲಗ್ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು. ಹಾಲು, ಮೀನು, ಅನ್ನ, ಸಾರುಗಳನ್ನು ಐಸ್ ಜೊತೆ ಮುಚ್ಚಿದ ಪಾತ್ರೆಯಲ್ಲಿಡಿ. ಗಾಜಿನ ಹಲಗೆಯ ತಂಪು ಇಳಿಯುವವರೆಗೆ ಅದಕ್ಕೆ ಬಿಸಿನೀರು ತಾಗಿಸಬೇಡಿ, ಸೀಳಿಬಿಡುತ್ತದೆ. ತೂತಿನ ಕಸವನ್ನು ಕೈಯಿಂದ ತೆಗೆದು, ಸೂಜಿಯಿಲ್ಲದ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರನ್ನು ನಿಧಾನವಾಗಿ ಬಿಡಿ. ತಂತಿ, ಪಿನ್ನು ಚುಚ್ಚಬೇಡಿ, ಪೈಪಿಗೆ ಏಟಾದೀತು. ಬಿಟ್ಟ ನೀರು ಹಿಂದಿನ ಟ್ರೇಗೆ ಬಂದರೆ ದಾರಿ ತೆರೆದಿದೆ ಎಂದರ್ಥ.

ಈ ಟ್ರೇಯನ್ನು ಬಹಳ ಮನೆಗಳಲ್ಲಿ ಯಾರೂ ನೋಡಿಯೇ ಇರುವುದಿಲ್ಲ. ಕೆಲವು ಫ್ರಿಜ್ಜುಗಳಲ್ಲಿ ಅದು ಎಳೆದರೆ ಹೊರಬರುತ್ತದೆ, ಕೆಲವದರಲ್ಲಿ ಕಂಪ್ರೆಸರ್‌ಗೇ ಅಂಟಿಕೊಂಡಿರುತ್ತದೆ. ಬಾರದಿದ್ದರೆ ಕೀಳಲು ಹೋಗದೆ, ಕಂಪ್ರೆಸರ್ ಆರಿದ ಮೇಲೆ ಸ್ಪಂಜಿನಿಂದ ನೀರು ಹೀರಿ, ಸೋಪು ನೀರಿನಲ್ಲಿ ಉಜ್ಜಿ. ವಾಸನೆಗಿಂತ ದೊಡ್ಡ ಕಾರಣವೂ ಇದಕ್ಕಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಬೆಳೆಯುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಮೊಟ್ಟೆಗಳು ಟ್ರೇಯ ಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಟ್ರೇಯ ಅಂಚನ್ನು ಬ್ರಶ್ಶಿನಿಂದ ತಿಕ್ಕಲೇಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಾಡಿದರೆ ಒಳ್ಳೆಯದು.

ಬಾಗಿಲಿನ ರಬ್ಬರಿನ ಮಡಿಕೆಗಳಲ್ಲಿ ಕಾಣುವ ಕಪ್ಪು ಚುಕ್ಕೆಗಳು ಬೂಷ್ಟು. ಒಣಗಿದ್ದಾಗ ಉಜ್ಜಿದರೆ ಅದರ ಬೀಜಕಣಗಳು ಗಾಳಿಗೆ ಹಾರುತ್ತವೆ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈಹಾಕದಿರಲಿ. ಉಳಿದವರು ಮಾಸ್ಕ್, ಗ್ಲೌಸ್ ಹಾಕಿ, ಕಿಟಕಿ ತೆರೆದು, ಮೊದಲು ಸೋಪು ನೀರಿನ ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ರಬ್ಬರಿನ ಮೇಲೆ ಒತ್ತಿಡಿ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮಡಿಕೆ ಬಿಡಿಸುತ್ತ ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ತೇವ ತೆಗೆಯಿರಿ. ಈ ಕೊನೆಯದನ್ನು ಬಿಟ್ಟರೆ ಬೂಷ್ಟು ಬೇಗನೆ ಮರಳುತ್ತದೆ. ಬ್ಲೀಚ್ ಬಳಸಿದರೆ ರಬ್ಬರು ಬಿರುಸಾಗಬಹುದು. ಅದಕ್ಕಿಂತ ಮುಖ್ಯವಾದದ್ದು: ಬ್ಲೀಚಿಗೆ ವಿನೆಗರ್ ಆಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಇವುಗಳನ್ನು ಒಟ್ಟಿಗೆ ಬಳಸಲೇಬೇಡಿ.

ತೊಳೆದ ಮೇಲೂ ಕಪ್ಪು ಕಲೆ ಉಳಿದರೆ ಗಾಬರಿ ಬೇಡ. ನೋಡಬೇಕಾದದ್ದು ರಬ್ಬರು ಬಿಗಿಯಾಗಿ ಕೂರುತ್ತದೆಯೇ ಎಂಬುದನ್ನು. ಒಂದು ಕಾಗದದ ಚೂರನ್ನು ಬಾಗಿಲಿನ ಸಂದಿಗೆ ಇಟ್ಟು ಮುಚ್ಚಿ, ಎಳೆದು ನೋಡಿ. ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಗಾಳಿ ನುಸುಳುತ್ತಿದೆ. ನಾಲ್ಕೂ ಕಡೆ ಹೀಗೆ ಪರೀಕ್ಷಿಸಿ. ರಬ್ಬರು ಸೊಟ್ಟಗಾಗಿದ್ದರೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕಾವು ಕೊಟ್ಟಾಗ ಹಲವು ಸಲ ಸರಿಹೋಗುತ್ತದೆ. ಹರಿದಿದ್ದರೆ ರಬ್ಬರನ್ನಷ್ಟೇ ಬದಲಿಸಬಹುದು.

ಒಳಭಾಗಕ್ಕೆ ಒಂದು ಲೀಟರ್ ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಒರೆಸಿದರೆ ಸಾಕು. ಆಮೇಲೆ ಬಾಗಿಲು ತೆರೆದಿಟ್ಟು ಒಣಗಿಸಿ, ಚಿಕ್ಕ ಮಕ್ಕಳಿದ್ದರೆ ಹತ್ತಿರವೇ ಇರಿ. ಆರಿದ ಇದ್ದಿಲನ್ನು ಬಟ್ಟಲಲ್ಲಿ ಹಾಕಿ ಒಳಗಿಟ್ಟರೆ ಉಳಿದ ವಾಸನೆಯನ್ನು ಹೀರುತ್ತದೆ. ಆದರೆ ಊರಿಗೆ ಹೋದಾಗ ಕರೆಂಟು ಹೋಗಿ ಮೀನು, ಮಾಂಸ ಕೊಳೆತು, ಅದರ ರಸ ಒಳಗೋಡೆಯ ಬಿರುಕಿನಿಂದ ಫೋಮಿಗೆ ಇಳಿದಿದ್ದರೆ ಸೋಡಾ, ಇದ್ದಿಲು ಯಾವುದೂ ಅಲ್ಲಿಗೆ ಮುಟ್ಟುವುದಿಲ್ಲ. ತೊಳೆದು, ಹಲವು ದಿನ ತೆರೆದಿಟ್ಟ ಮೇಲೂ ವಾಸನೆ ಬಿಡದಿದ್ದರೆ ಅಂಥ ಫ್ರಿಜ್ಜನ್ನು ಬದಲಿಸುವುದೇ ಸರಿ.